ಮದುವೆ ಮಂಟಪಕ್ಕೆ ನಾಲ್ಕು ಕೈನಕ್ಷೆಗಳು: ಅಳೆದು, ಓಡಿಸಿ ನೋಡಿ, ಐದನೆಯದನ್ನು ಬಿಡಿಸಿದ ದಾಖಲೆ

ತಂಗಿಯ ಮದುವೆಯ ಆಮಂತ್ರಣದೊಂದಿಗೆ ಇಡಲು ಕಲ್ಯಾಣ ಮಂಟಪದ ದಾರಿಯ ನಕ್ಷೆ ಬೇಕಿತ್ತು. ಮೊಬೈಲ್ ನಕ್ಷೆಯ ಗುರುತನ್ನು ಕಳಿಸಿದರೆ ಸಾಕಾಗುತ್ತಿರಲಿಲ್ಲ. ಆ ಗುರುತು ಮಂಟಪದ ಹಿಂಬದಿಯ ಗೋಡೆಯ ಹತ್ತಿರ ಒಯ್ದು ನಿಲ್ಲಿಸುತ್ತದೆ, ಬಾಗಿಲು ಇರುವುದು ಇನ್ನೊಂದು ಓಣಿಯಲ್ಲಿ. ಕೈಯಲ್ಲಿ ಬಿಡಿಸಿದ ನಕ್ಷೆ ಯಾರಾದರೂ ಕೊಡಿ ಎಂದು ಮನೆಯಲ್ಲಿ ಕೇಳಿದ್ದಕ್ಕೆ ನಾಲ್ಕು ಬಂದವು. ಪ್ರತಿಯೊಬ್ಬರಿಗೂ ತಮ್ಮದೇ ಸರಿ. ಯಾವುದು ಅಚ್ಚಿಗೆ ಹೋಗಬೇಕು ಎಂಬುದನ್ನು ವಾದದಿಂದ ಬಿಟ್ಟು ಸ್ಕೇಲಿನಿಂದ ತೀರ್ಮಾನಿಸಲು ಹೊರಟೆ. ಕೆಳಗಿನದು ಆ ಕೆಲಸದ ದಾಖಲೆ.

ಬಳಸಿದ್ದು: ಮಿಲಿಮೀಟರ್ ಗೆರೆಗಳಿರುವ ಸ್ಕೇಲು, ಸೊಟ್ಟ ಗೆರೆಗಳನ್ನು ಅಳೆಯಲು ಹತ್ತಿ ದಾರ, ಗ್ರಾಫ್ ಕಾಗದ, ಪೆನ್ಸಿಲ್, ಒಂದು ದಪ್ಪ ಮತ್ತು ಒಂದು ತೆಳು ಮೊನೆಯ ಕಪ್ಪು ಪೆನ್ನು, ಬೈಕಿನ ದೂರಮಾಪಕ ಮತ್ತು ನನ್ನ ಕಾಲು.

ಹಂತ 1: ನೆಲದ ಮೇಲಿನ ದಾರಿಯನ್ನು ಅಳೆಯುವುದು

ನಕ್ಷೆಗಳನ್ನು ಒಂದಕ್ಕೊಂದು ಹೋಲಿಸಿದರೆ ಯಾವುದು ಚೆಂದ ಎಂಬುದಷ್ಟೇ ತಿಳಿಯುತ್ತದೆ. ಹೋಲಿಕೆಗೆ ನೆಲವೇ ಬೇಕು. ಎಲ್ಲರಿಗೂ ಗೊತ್ತಿರುವ ಹೆದ್ದಾರಿ ಮೇಲ್ಸೇತುವೆಯಿಂದ ಮಂಟಪದ ಬಾಗಿಲವರೆಗೆ ಬೈಕಿನಲ್ಲಿ ಹೋಗಿ, ಒಂದು ತಿರುವಿನಿಂದ ಮುಂದಿನ ತಿರುವಿನವರೆಗಿನ ಹಾದಿಯನ್ನು ಒಂದು ತುಂಡೆಂದು ಲೆಕ್ಕ ಹಾಕಿ ಬರೆದುಕೊಂಡೆ.

ಮೇಲ್ಸೇತುವೆಯಿಂದ ನೇರವಾಗಿ 4.2 ಕಿಲೋಮೀಟರ್, ನೀರಿನ ಟ್ಯಾಂಕ್ ಬಳಿ ಎಡಕ್ಕೆ. ಅಲ್ಲಿಂದ 650 ಮೀಟರ್, ರಸ್ತೆ ಮುಗಿದು ಅಡ್ಡ ರಸ್ತೆಗೆ ಸೇರುವ ಕಡೆ ಬಲಕ್ಕೆ. ಮುಂದೆ 1.8 ಕಿಲೋಮೀಟರ್, ಅಂಚೆ ಕಚೇರಿಯ ಪಕ್ಕದಲ್ಲಿ ಬಲಕ್ಕೆ. ನಂತರ 180 ಮೀಟರ್, ಎರಡನೇ ಓಣಿಯಲ್ಲಿ ಎಡಕ್ಕೆ. ಕೊನೆಗೆ 90 ಮೀಟರ್, ಬಲಗಡೆ ಬಾಗಿಲು. ಒಟ್ಟು 6.92 ಕಿಲೋಮೀಟರ್.

ದೂರಮಾಪಕ 100 ಮೀಟರಿಗಿಂತ ಚಿಕ್ಕದನ್ನು ತೋರಿಸುವುದಿಲ್ಲ. ಆದ್ದರಿಂದ ಕೊನೆಯ ಎರಡು ತುಂಡುಗಳನ್ನು ನಡೆದು ಅಳೆದೆ. ನನ್ನ ಹೆಜ್ಜೆ ಸುಮಾರು 75 ಸೆಂಟಿಮೀಟರ್, ಹಾಗಾಗಿ 240 ಹೆಜ್ಜೆ ಮತ್ತು 120 ಹೆಜ್ಜೆ. ಹೆಜ್ಜೆಯ ಲೆಕ್ಕದಲ್ಲಿ ಹತ್ತಿಪ್ಪತ್ತು ಮೀಟರ್ ಹೆಚ್ಚುಕಡಿಮೆಯಾದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ.

ಈ ಪಟ್ಟಿಯಲ್ಲಿ ಕಾಣದ ಇನ್ನೊಂದು ಜಾಗವಿದೆ. ಮೂರನೇ ತುಂಡಿನಲ್ಲಿ 1.1 ಕಿಲೋಮೀಟರ್ ಆದ ಮೇಲೆ ರಸ್ತೆ ಕವಲೊಡೆಯುತ್ತದೆ. ಅಗಲವಾದ, ಡಾಂಬರು ಚೆನ್ನಾಗಿರುವ ರಸ್ತೆ ಬಲಕ್ಕೆ ಬಾಗುತ್ತದೆ. ನಮ್ಮದು ಎಡಗಡೆಯ ಕಿರಿದಾದ ರಸ್ತೆ. ಅಲ್ಲಿ ಯಾರೂ ‘ತಿರುಗಿದೆ’ ಎಂದುಕೊಳ್ಳುವುದಿಲ್ಲ. ಆದರೆ ಆಯ್ಕೆ ಮಾಡಲೇಬೇಕು, ತಪ್ಪಿದರೆ ಬಹಳ ದೂರದವರೆಗೆ ತಪ್ಪಿದ್ದೇ ಗೊತ್ತಾಗುವುದಿಲ್ಲ. ತಿರುವುಗಳು ನಾಲ್ಕು, ನಿರ್ಧಾರ ಮಾಡಬೇಕಾದ ಜಾಗಗಳು ಐದು. ಈ ವ್ಯತ್ಯಾಸವೇ ಮುಂದೆ ಎಲ್ಲ ನಕ್ಷೆಗಳನ್ನೂ ಕಾಡಿತು.

ಹಂತ 2: ನಾಲ್ಕು ನಕ್ಷೆಗಳು

ಬಿಡಿಸಿದವರ ಹೆಸರು ಕೇಳಿದರೆ ಮನೆಯಲ್ಲಿ ಪಕ್ಷಪಾತ ಶುರುವಾಗುತ್ತದೆ ಎಂದು ಅ, ಆ, ಇ, ಈ ಎಂದು ಬರೆದು ಅಂಟಿಸಿದೆ. ಇಲ್ಲಿ ಮುಚ್ಚಿಡಬೇಕಾದ ಕಾರಣವಿಲ್ಲ.

‘ಅ’ ಅಪ್ಪನದು. ನೆನಪಿನಿಂದ ಬಿಡಿಸಿದ್ದು, ಎಲ್ಲ ಗೆರೆಗಳೂ ನೆಟ್ಟಗೆ, ಎಲ್ಲ ಮೂಲೆಗಳೂ ಚೌಕ. ‘ಆ’ ಚಿಕ್ಕಪ್ಪನದು. ಮೊಬೈಲ್ ನಕ್ಷೆಯನ್ನು ಪರದೆಯ ಮೇಲೆ ಹಿಗ್ಗಿಸಿ, ತೆಳು ಕಾಗದ ಇಟ್ಟು ಗೆರೆ ಎಳೆದದ್ದು. ‘ಇ’ ಅಕ್ಕನದು. ಅವಳು ಆ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವಳು. ‘ಈ’ ಮಂಟಪದವರು ಬಾಡಿಗೆ ರಸೀದಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿಕೊಂಡಿದ್ದು. ಅದೂ ಮೂಲದಲ್ಲಿ ಯಾರದೋ ಕೈಬರಹವೇ.

ಹಂತ 3: ತಿರುವುಗಳ ಕ್ರಮ

ಮೊದಲು ಇದನ್ನೇ ಪರೀಕ್ಷಿಸಿದೆ, ಏಕೆಂದರೆ ಇದರಲ್ಲಿ ಸೋತ ನಕ್ಷೆಯ ಉಳಿದ ಗುಣಗಳನ್ನು ನೋಡಿ ಪ್ರಯೋಜನವಿಲ್ಲ. ವಿಧಾನ ಸರಳ. ಆ ಕಡೆ ಎಂದೂ ಹೋಗದವರ ಕೈಗೆ ನಕ್ಷೆ ಕೊಟ್ಟು, ಗಾಡಿ ಓಡಿಸುವವರಿಗೆ ಹೇಳುವ ಹಾಗೆ ಗಟ್ಟಿಯಾಗಿ ಓದಿಸುವುದು. ಅವರು ಹೇಳಿದ್ದನ್ನು ಅಕ್ಷರಗಳಲ್ಲಿ ಬರೆದುಕೊಳ್ಳುವುದು: ಎಡಕ್ಕೆ ‘ಎ’, ಬಲಕ್ಕೆ ‘ಬ’. ನೆಲದ ಮೇಲಿನ ಉತ್ತರ ಎ-ಬ-ಎ-ಬ-ಎ. ನಡುವಿನ ‘ಎ’ ಕವಲಿನದು.

‘ಅ’ ಓದಿದವರು ಎ-ಬ-ಬ-ಎ ಎಂದರು. ಕವಲು ನಕ್ಷೆಯಲ್ಲೇ ಇರಲಿಲ್ಲ. ಅಪ್ಪನನ್ನು ಕೇಳಿದರೆ, “ಅಲ್ಲಿ ತಿರುಗುವುದೇನಿದೆ, ನೇರ ಹೋಗುವುದಷ್ಟೇ” ಎಂದರು. ದಾರಿ ಗೊತ್ತಿದ್ದವರಿಗೆ ಅದು ನಿಜವಾಗಿಯೂ ನೇರ. ‘ಇ’ಯಲ್ಲಿಯೂ ಕವಲು ಇಲ್ಲ, ಆದರೆ ಕಾರಣ ಬೇರೆ. ಬಸ್ಸಿನಲ್ಲಿ ಕೂತವರಿಗೆ ಕಿಟಕಿಯಾಚೆ ಏನಿದೆ ಎಂಬುದು ಚೆನ್ನಾಗಿ ನೆನಪಿರುತ್ತದೆ, ಯಾವ ಕ್ಷಣದಲ್ಲಿ ಚಾಲಕ ಸ್ಟೀರಿಂಗ್ ತಿರುಗಿಸಿದ ಎಂಬುದಲ್ಲ. ಅಷ್ಟೇ ಅಲ್ಲದೆ ‘ಇ’ಯಲ್ಲಿ ಅಂಚೆ ಕಚೇರಿಯ ನಂತರ ಒಂದೇ ಓಣಿ ಇತ್ತು. ಮೊದಲ ಓಣಿ ಕುರುಡು ಓಣಿ, ಬಳಸುವ ಓಣಿಯಲ್ಲವಾದ್ದರಿಂದ ಅಕ್ಕ ಅದನ್ನು ಬಿಡಿಸಿರಲಿಲ್ಲ. ಬಂದವರು ಮೊದಲು ಕಂಡ ಓಣಿಗೇ ನುಗ್ಗುವುದು ಸಹಜ.

‘ಆ’ ಪೂರ್ತಿ ಸರಿ: ಎ-ಬ-ಎ-ಬ-ಎ. ಎಳೆದದ್ದು ನಿಜವಾದ ನಕ್ಷೆಯ ಮೇಲಾದ್ದರಿಂದ ಕವಲೂ ಇತ್ತು, ಕುರುಡು ಓಣಿಯೂ ಇತ್ತು.

‘ಈ’ ವಿಚಿತ್ರವಾಗಿತ್ತು. ಅದರಲ್ಲಿ ಕವಲು ಇದೆ, ಓಣಿಗಳಿವೆ, ಎಲ್ಲವೂ ಇದೆ. ಆದರೂ ಓದಿದವರಲ್ಲಿ ಕೆಲವರು ಮೊದಲ ತಿರುವನ್ನೇ ‘ಬಲಕ್ಕೆ’ ಎಂದರು. ಉತ್ತರ ದಿಕ್ಕು ಮೇಲಿರುವಂತೆ ಬಿಡಿಸಿದ ನಕ್ಷೆ ಅದು, ನಾವು ಬರುವುದು ಉತ್ತರದಿಂದ. ಹಾಗಾಗಿ ದಾರಿ ಕಾಗದದ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಆಗ ಎಡಕ್ಕೆ ತಿರುಗುವ ರಸ್ತೆ ಕಾಗದದಲ್ಲಿ ಬಲಗಡೆ ಕಾಣುತ್ತದೆ. ಮೇಜಿನ ಮೇಲೆ ಇಟ್ಟು ನಿಧಾನವಾಗಿ ನೋಡಿದರೆ ಇದು ಅರ್ಥವಾಗುತ್ತದೆ. ಓಡುವ ಗಾಡಿಯಲ್ಲಿ ಕೂತವರು ಕಾಗದವನ್ನು ತಲೆಕೆಳಗು ಮಾಡುತ್ತಾರೆ, ಆಗ ಅಕ್ಷರಗಳೂ ತಲೆಕೆಳಗಾಗುತ್ತವೆ. ಒಂದೇ ಕಡೆಯಿಂದ ಬರುವವರಿಗಾಗಿ ಬಿಡಿಸುವ ನಕ್ಷೆಗೆ ಉತ್ತರ ದಿಕ್ಕಿನ ಹಂಗು ಬೇಡ. ಹೊರಡುವ ಜಾಗ ಕೆಳಗೆ, ತಲುಪುವ ಜಾಗ ಮೇಲೆ ಇದ್ದರೆ ಕಾಗದದ ಎಡವೇ ರಸ್ತೆಯ ಎಡವಾಗುತ್ತದೆ.

ಹಂತ 4: ಗುರುತುಗಳು

ನಾಲ್ಕೂ ನಕ್ಷೆಗಳಲ್ಲಿದ್ದ ಎಲ್ಲ ಗುರುತುಗಳನ್ನೂ ಒಂದು ಹಾಳೆಗೆ ಇಳಿಸಿ, ಬೈಕಿನಲ್ಲಿ ಹೋಗಿ ಒಂದೊಂದನ್ನೂ ಹುಡುಕಿದೆ. ಹೆಚ್ಚು ಸಮಯ ಹಿಡಿದದ್ದೂ ಇಲ್ಲೇ, ಹೆಚ್ಚು ತಿಳಿದದ್ದೂ ಇಲ್ಲೇ.

ಮೊದಲ ಪ್ರಶ್ನೆ: ಬರುವ ದಿಕ್ಕಿನಿಂದ ಅದು ಎಷ್ಟು ಮೊದಲು ಕಾಣುತ್ತದೆ? ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಪಕ್ಕದಲ್ಲಿ ಕೂತವರು ಗುರುತನ್ನು ನೋಡಿ, ಹೇಳಿ, ಓಡಿಸುವವರು ಕನ್ನಡಿ ನೋಡಿ ವೇಗ ಇಳಿಸಲು ಐದಾರು ಸೆಕೆಂಡಾದರೂ ಬೇಕು. ಅಂದರೆ 60 ಮೀಟರ್ ಮೊದಲೇ ಕಾಣದ ಗುರುತನ್ನು ತಿರುವಿಗೆ ನಂಬುವಂತಿಲ್ಲ. ನೀರಿನ ಟ್ಯಾಂಕ್ ಮರಗಳ ಮೇಲಿಂದ ಅರ್ಧ ಕಿಲೋಮೀಟರಿನಿಂದಲೇ ಕಾಣುತ್ತದೆ, ಅದಕ್ಕೆ ಪೂರ್ತಿ ಅಂಕ. ಅಂಚೆ ಕಚೇರಿಯ ಫಲಕ ರಸ್ತೆಗೆ ಸಮಾನಾಂತರವಾಗಿ ಗೋಡೆಯ ಮೇಲಿದೆ, ಎದುರಿಗೆ ಬಂದು ನಿಂತಾಗಷ್ಟೇ ಓದಬಹುದು. ಆದರೆ ಅದರ ಮುಂದೆ ಕಂಬದ ಮೇಲಿರುವ ಕೆಂಪು ಅಂಚೆ ಪೆಟ್ಟಿಗೆ ದೂರದಿಂದಲೇ ಕಾಣುತ್ತದೆ. ಎಲ್ಲ ನಕ್ಷೆಗಳಲ್ಲೂ ‘ಅಂಚೆ ಕಚೇರಿ’ ಇತ್ತು, ಒಂದರಲ್ಲೂ ಪೆಟ್ಟಿಗೆ ಇರಲಿಲ್ಲ.

ಎರಡನೇ ಪ್ರಶ್ನೆ: ಆ ತುಂಡಿನಲ್ಲಿ ಅಂಥದ್ದು ಅದೊಂದೇನಾ? ‘ಅ’ ಮತ್ತು ‘ಇ’ ಎರಡರಲ್ಲೂ ಮೊದಲ ತಿರುವಿಗೆ ‘ಪೆಟ್ರೋಲ್ ಬಂಕ್ ಆದ ಮೇಲೆ ಎಡಕ್ಕೆ’ ಎಂದಿತ್ತು. ಬಂಕ್ ಇರುವುದು 3.7 ಕಿಲೋಮೀಟರಿನಲ್ಲಿ, ಟ್ಯಾಂಕಿಗಿಂತ ಅರ್ಧ ಕಿಲೋಮೀಟರ್ ಮೊದಲು, ಸರಿಯಾಗಿಯೇ ಇದೆ. ಆದರೆ 1.5 ಕಿಲೋಮೀಟರಿನಲ್ಲಿ ಇನ್ನೊಂದು ಬಂಕ್ ಇದೆ, ಅದರ ಪಕ್ಕದಲ್ಲೂ ಎಡಕ್ಕೊಂದು ರಸ್ತೆ ಇದೆ. ಊರಿನವರ ಬಾಯಲ್ಲಿ ‘ಬಂಕ್’ ಎಂದರೆ ಹಳೆಯದು ಮಾತ್ರ, ಹೊಸದು ಅವರ ತಲೆಯಲ್ಲಿಲ್ಲ. ಹೊರಗಿನವರಿಗೆ ಮೊದಲು ಸಿಗುವುದು ಹೊಸದೇ.

ಮೂರನೇ ಪ್ರಶ್ನೆ: ಮದುವೆಯ ದಿನ ಅದು ಅಲ್ಲಿರುತ್ತದೆಯೇ, ಕತ್ತಲಲ್ಲೂ ಕಾಣುತ್ತದೆಯೇ? ‘ಈ’ ನಕ್ಷೆಯ ಗುರುತುಗಳಲ್ಲಿ ಒಂದು ಜಾಹೀರಾತು ಫಲಕ, ಈಗ ಬರೀ ಚೌಕಟ್ಟು. ಇನ್ನೊಂದು ‘ಹಳೇ ಗಿರಣಿ’. ಗಿರಣಿ ಕೆಡವಿ ಬಹಳ ಕಾಲವಾಗಿದೆ, ಹೆಸರು ಮಾತ್ರ ಉಳಿದಿದೆ. ಹೀಗೆ ಕಣ್ಣಿಗೆ ಕಾಣದೆ ಬಾಯಲ್ಲಷ್ಟೇ ಉಳಿದಿರುವ ಗುರುತು, ಇಳಿದು ದಾರಿ ಕೇಳುವವರಿಗೆ ಉಪಯೋಗಕ್ಕೆ ಬರುತ್ತದೆ. ಗಾಡಿಯಲ್ಲಿ ಕೂತು ಹುಡುಕುವವರನ್ನು ಅದು ಸುಮ್ಮನೆ ಅಲೆಸುತ್ತದೆ. ನೀರಿನ ಟ್ಯಾಂಕಿಗೂ ಒಂದು ದೋಷ ಇಲ್ಲಿ ಹೊರಬಂತು: ಅದಕ್ಕೆ ದೀಪವಿಲ್ಲ. ರಾತ್ರಿ ಬರುವವರಿಗೆ ಅದು ಆಕಾಶದೊಳಗೆ ಕರಗಿಹೋಗುತ್ತದೆ. ಬಂಕ್ ಮಾತ್ರ ಬೆಳಗುತ್ತಿರುತ್ತದೆ. ಹಾಗಾಗಿ ಬಂಕನ್ನು ಬಿಟ್ಟುಬಿಡುವಂತಿರಲಿಲ್ಲ, ‘ಎರಡನೇ ಬಂಕ್’ ಎಂದು ಬರೆದು ಎರಡನ್ನೂ ತೋರಿಸಬೇಕಾಯಿತು.

ನಾಲ್ಕನೆಯದು, ಗುರುತು ತಿರುವಿಗೆ ಎಷ್ಟು ಅಂಟಿಕೊಂಡಿದೆ ಎಂಬುದು. ತಿರುವಿನ ಮೂಲೆಯಲ್ಲೇ ನಿಂತಿರುವ ಗುರುತು ಎಲ್ಲಕ್ಕಿಂತ ಒಳ್ಳೆಯದು. ತಿರುವಿಗೆ ಮೊದಲೇ ಸಿಗುವುದು ಎಚ್ಚರಿಕೆಗೆ ಒಳ್ಳೆಯದು. ತಿರುವು ದಾಟಿದ ಮೇಲೆ ಸಿಗುವುದನ್ನು ‘ಇದು ಕಂಡರೆ ಮುಂದೆ ಬಂದಿದ್ದೀರಿ’ ಎಂದು ಹೇಳಲು ಮಾತ್ರ ಬಳಸಬೇಕು. ನಾಲ್ಕು ನಕ್ಷೆಗಳಲ್ಲಿ ಒಂದರಲ್ಲೂ ಈ ಮೂರನೇ ಬಗೆಯದು ಇರಲಿಲ್ಲ. ದಾರಿ ಬಲ್ಲವರು ಮುಂದೆ ಹೋಗುವುದೇ ಇಲ್ಲವಲ್ಲ, ಅವರಿಗೆ ಅದು ಹೊಳೆಯುವುದಾದರೂ ಹೇಗೆ! ಟ್ಯಾಂಕ್ ತಿರುವಿನ ಆಚೆ 300 ಮೀಟರಿನಲ್ಲಿ ರೈಲ್ವೆ ಗೇಟ್ ಇದೆ. ಕವಲಿನಲ್ಲಿ ತಪ್ಪಿ ಬಲಕ್ಕೆ ಹೋದರೆ 400 ಮೀಟರಿನಲ್ಲಿ ಸಣ್ಣ ಸೇತುವೆ ಸಿಗುತ್ತದೆ. ಇವೆರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಬಂದೆ.

ಗುರುತುಗಳ ಮಟ್ಟಿಗೆ ‘ಇ’ಯೇ ಮುಂದೆ, ಅದರ ಅರ್ಧಕ್ಕಿಂತ ಹೆಚ್ಚು ಉಳಿದವು. ‘ಆ’ದಲ್ಲಿ ಅಂಚೆ ಕಚೇರಿ ಬಿಟ್ಟರೆ ಗುರುತೇ ಇಲ್ಲ, ರಸ್ತೆಗಳ ಹೆಸರಿವೆ. ಆ ಹೆಸರುಗಳು ನೆಲದ ಮೇಲೆ ಯಾವ ಫಲಕದಲ್ಲೂ ಇಲ್ಲ.

ಹಂತ 5: ಅಳತೆಯ ಅಂದಾಜು

ಪ್ರತಿ ನಕ್ಷೆಯಲ್ಲೂ ಐದು ತುಂಡುಗಳ ಗೆರೆಯನ್ನು ಅಳೆದೆ. ಬಾಗಿದ ಗೆರೆಯ ಮೇಲೆ ದಾರ ಇಟ್ಟು, ಆಮೇಲೆ ದಾರವನ್ನು ಸ್ಕೇಲಿನ ಮೇಲೆ ಎಳೆದು ಹಿಡಿದರೆ ಆಯಿತು.

‘ಅ’ದಲ್ಲಿ ಕ್ರಮವಾಗಿ 60, 55, 50, 50, 30 ಮಿಲಿಮೀಟರ್. ಅಂದರೆ 650 ಮೀಟರಿನ ಎರಡನೇ ತುಂಡು 1.8 ಕಿಲೋಮೀಟರಿನ ಮೂರನೆಯದಕ್ಕಿಂತ ಉದ್ದ, 180 ಮೀಟರಿನ ನಾಲ್ಕನೆಯದು ಮೂರನೆಯದಕ್ಕೆ ಸಮ. ಮೊದಲ ತುಂಡಿನಲ್ಲಿ ಒಂದು ಕಿಲೋಮೀಟರಿಗೆ 14 ಮಿಲಿಮೀಟರ್, ಕೊನೆಯದರಲ್ಲಿ 330ಕ್ಕೂ ಮೇಲೆ. ಇದನ್ನು ಹಿಡಿದವರು 4 ಕಿಲೋಮೀಟರ್ ಓಡಿದ ಮೇಲೆ ಮುಂದಿನ ತಿರುವಿಗೂ ಅಷ್ಟೇ ಓಡಬೇಕು ಎಂದುಕೊಂಡು ಅಡ್ಡ ರಸ್ತೆ ಬಂದಾಗ ಗಾಬರಿಯಾಗುತ್ತಾರೆ.

‘ಇ’ಯಲ್ಲಿ 40, 25, 70, 20, 15. ಮೂರನೇ ತುಂಡು ಮೊದಲನೆಯದಕ್ಕಿಂತ ಸುಮಾರು ಇಮ್ಮಡಿ ಉದ್ದ, ನೆಲದ ಮೇಲೆ ಅದು ಅರ್ಧಕ್ಕೂ ಕಡಿಮೆ. ಕಾರಣ ನಕ್ಷೆಯಲ್ಲೇ ಕಾಣುತ್ತದೆ: ಅಕ್ಕನಿಗೆ ಆ ತುಂಡಿನಲ್ಲಿ ಶಾಲೆ, ಆಸ್ಪತ್ರೆ, ಗೆಳತಿಯ ಮನೆ ಎಲ್ಲವೂ ಇವೆ. ಬರೆಯಲು ಇದ್ದದ್ದು ಹೆಚ್ಚಾದಂತೆ ಗೆರೆ ಹಿಗ್ಗಿದೆ. ಏನೂ ಇಲ್ಲದ ಹೆದ್ದಾರಿ ಕುಗ್ಗಿದೆ.

‘ಈ’ಯಲ್ಲಿ ಮಂಟಪದ ಚಿತ್ರವೇ ಕಾಗದದ ಕಾಲು ಭಾಗ ತಿಂದಿದ್ದರಿಂದ ದಾರಿ ಅಂಚಿನಲ್ಲಿ ಮುದುಡಿಕೊಂಡಿತ್ತು. ಅಳೆದೆ, ಇಲ್ಲಿ ಬರೆಯುವಂಥದ್ದೇನೂ ಸಿಗಲಿಲ್ಲ.

‘ಆ’ದಲ್ಲಿ 91, 14, 39, 4, 2. ನೆಲದ ಪ್ರಮಾಣಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಚಿಕ್ಕಪ್ಪ ಗೆದ್ದೆ ಎಂದರು. ಆದರೆ ಕೊನೆಯ ಎರಡು ತುಂಡುಗಳನ್ನು ನೋಡಿ: 4 ಮಿಲಿಮೀಟರ್ ಮತ್ತು 2 ಮಿಲಿಮೀಟರ್. ಜನ ಹೆಚ್ಚು ತಡವರಿಸುವ ಜಾಗ ಅದೇ, ಅಲ್ಲೇ ಕುರುಡು ಓಣಿಯೂ ಇದೆ, ಅಲ್ಲೇ ಒಂದು ಅಕ್ಷರ ಬರೆಯಲೂ ಜಾಗವಿಲ್ಲ. ತಿರುವೇ ಇಲ್ಲದ ಮೊದಲ ತುಂಡು ಕಾಗದದ ಬಹುಪಾಲನ್ನು ಆಕ್ರಮಿಸಿದೆ. ಪ್ರಮಾಣ ಸರಿಯಿದ್ದೂ ಉಪಯೋಗಕ್ಕೆ ಬಾರದ ನಕ್ಷೆ ಇದು.

ಹಾಗಾದರೆ ಉದ್ದಗಳನ್ನು ಮನಸ್ಸಿಗೆ ಬಂದಂತೆ ಎಳೆಯಬಹುದೇ? ಲಂಡನ್ನಿನ ಭೂಗತ ರೈಲಿನ ನಕ್ಷೆಯಲ್ಲಿ ಹ್ಯಾರಿ ಬೆಕ್ ಅದನ್ನೇ ಮಾಡಿದರು. 1933ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ನಿಲ್ದಾಣಗಳ ಕ್ರಮ ಉಳಿಯಿತು, ದೂರದ ಪ್ರಮಾಣ ಹೋಯಿತು. ಆದರೆ ರೈಲಿನಲ್ಲಿ ತಿರುಗುವ ಹೊಣೆ ಪ್ರಯಾಣಿಕರದಲ್ಲ. ರಸ್ತೆಯಲ್ಲಿ ‘ಇನ್ನೂ ಎಷ್ಟು ದೂರ’ ಎಂಬ ಅಂದಾಜು ಸ್ವಲ್ಪವಾದರೂ ಬೇಕು. 2001ರಲ್ಲಿ ಮನೀಶ್ ಅಗರವಾಲ ಮತ್ತು ಕ್ರಿಸ್ ಸ್ಟೋಲ್ಟೆ ದಾರಿಯ ನಕ್ಷೆಗಳನ್ನು ಕಂಪ್ಯೂಟರಿನಿಂದ ಬಿಡಿಸಲು ಮಾಡಿದ ಕೆಲಸದಲ್ಲಿ ಇದಕ್ಕೊಂದು ನಡುದಾರಿ ಇದೆ: ಚಿಕ್ಕ ರಸ್ತೆಗಳನ್ನು ಕಣ್ಣಿಗೆ ಕಾಣುವಷ್ಟು ಹಿಗ್ಗಿಸು, ಆದರೆ ನೆಲದ ಮೇಲೆ ಉದ್ದವಾದದ್ದು ಕಾಗದದಲ್ಲೂ ಉದ್ದವಾಗಿಯೇ ಇರಲಿ. ಜನ ಕೈಯಲ್ಲಿ ಬಿಡಿಸುವ ನಕ್ಷೆಗಳನ್ನು ನೋಡಿಯೇ ಅವರು ಆ ಜಾಡು ಹಿಡಿದಿದ್ದರು.

ನನಗೆ ಕಂಪ್ಯೂಟರ್ ಬೇಕಿರಲಿಲ್ಲ, ಪ್ರತಿ ದೂರದ ವರ್ಗಮೂಲ ಸಾಕಾಯಿತು. ಮೀಟರಿನಲ್ಲಿ 4200, 650, 1800, 180, 90. ಇವುಗಳ ವರ್ಗಮೂಲ ಸುಮಾರು 64.8, 25.5, 42.4, 13.4, 9.5. ಒಟ್ಟು ಗೆರೆ 140 ಮಿಲಿಮೀಟರ್ ಆಗಬೇಕಿದ್ದರಿಂದ ಎಲ್ಲವನ್ನೂ 0.9ರಿಂದ ಗುಣಿಸಿದೆ: 58, 23, 38, 12, 8.5 ಮಿಲಿಮೀಟರ್. ಅದೇ 140ರಲ್ಲಿ ನಿಜವಾದ ಪ್ರಮಾಣ ಹಿಡಿದಿದ್ದರೆ 85, 13, 36, 3.6, 1.8 ಆಗುತ್ತಿತ್ತು. ದೊಡ್ಡದು ತಗ್ಗಿತು, ಚಿಕ್ಕದು ಬೆಳೆಯಿತು, ಯಾವುದೂ ತನ್ನ ಸರದಿ ಬಿಟ್ಟು ಕದಲಲಿಲ್ಲ.

ಇದನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಕವಲಿನ ಹತ್ತಿರ ಮೂರನೇ ತುಂಡನ್ನು 1.1 ಮತ್ತು 0.7 ಕಿಲೋಮೀಟರ್ ಎಂದು ಮೊದಲೇ ಒಡೆದು ಬೇರೆಬೇರೆ ವರ್ಗಮೂಲ ತೆಗೆದರೆ 33 ಮತ್ತು 26 ಸೇರಿ 59 ಆಗುತ್ತದೆ, ಒಡೆಯದಿದ್ದರೆ 42. ಒಡೆದಷ್ಟೂ ತುಂಡು ಉದ್ದವಾಗುತ್ತದೆ, ಕೊನೆಗೆ 4.2 ಕಿಲೋಮೀಟರಿನ ಹೆದ್ದಾರಿಯನ್ನೂ ಮೀರಿಸುತ್ತದೆ. ಆದ್ದರಿಂದ ತಿರುವಿನಿಂದ ತಿರುವಿಗೆ ಪೂರ್ತಿ ತುಂಡಿನ ವರ್ಗಮೂಲ ತೆಗೆದು, ಆಮೇಲೆ ಒಳಗಿನ ಗುರುತುಗಳನ್ನು ಸಾಮಾನ್ಯ ಪ್ರಮಾಣದಲ್ಲಿ ಕೂರಿಸಬೇಕು. 38 ಮಿಲಿಮೀಟರಿನಲ್ಲಿ ಕವಲು 23ಕ್ಕೆ ಬಿತ್ತು. ಬಂಕ್‌ಗಳು 58ರಲ್ಲಿ 21ಕ್ಕೆ ಮತ್ತು 51ಕ್ಕೆ ಬಿದ್ದವು.

ಹಂತ 6: ಐದನೇ ನಕ್ಷೆ

ದಾರಿ ಮೊದಲು ಮೇಲಕ್ಕೆ, ಎಡಕ್ಕೆ, ಮತ್ತೆ ಮೇಲಕ್ಕೆ, ಬಲಕ್ಕೆ, ಮೇಲಕ್ಕೆ ಹೋಗುವುದರಿಂದ ಎತ್ತರ 105 ಮಿಲಿಮೀಟರಿನಷ್ಟು, ಅಗಲ 23 ಮಾತ್ರ. ಹಾಗಾಗಿ ಕಾರ್ಡು ಉದ್ದುದ್ದ, 90ಕ್ಕೆ 130 ಮಿಲಿಮೀಟರ್. ಬಿಡಿಸಿದ್ದು ಅದರ ಎರಡು ಪಟ್ಟು ದೊಡ್ಡ ಗ್ರಾಫ್ ಕಾಗದದಲ್ಲಿ, ಆಮೇಲೆ ಅರ್ಧಕ್ಕೆ ಇಳಿಸುವ ಲೆಕ್ಕದಲ್ಲಿ. ದೊಡ್ಡದಾಗಿ ಬಿಡಿಸಿ ಕುಗ್ಗಿಸಿದರೆ ಕೈ ನಡುಗಿದ್ದೂ ಕುಗ್ಗುತ್ತದೆ.

ನಮ್ಮ ದಾರಿಗೆ ದಪ್ಪ ಗೆರೆ. ಬೇರೆ ರಸ್ತೆಗಳಲ್ಲಿ, ನಿರ್ಧಾರ ಮಾಡಬೇಕಾದ ಐದು ಜಾಗಗಳಿಗೆ ತಾಗುವವನ್ನು ಮಾತ್ರ ತೆಳು ಗೆರೆಯಲ್ಲಿ ಅರ್ಧ ಸೆಂಟಿಮೀಟರ್ ಎಳೆದು ಬಿಟ್ಟೆ. ಉಳಿದ ಅಡ್ಡರಸ್ತೆಗಳೆಲ್ಲ ಹೊರಗೆ. ಬರುವವರು ಬಿಟ್ಟುಹೋಗಬೇಕಾದ ರಸ್ತೆ ತಿರುವಿನ ಜಾಗದಲ್ಲಿ ಕಾಣದಿದ್ದರೆ, ಅದನ್ನೇ ನಮ್ಮದೆಂದುಕೊಳ್ಳುತ್ತಾರೆ. ‘ಇ’ಯ ಕುರುಡು ಓಣಿ ಕಲಿಸಿದ್ದು ಇದನ್ನೇ.

ಮೂಲೆಗಳನ್ನೆಲ್ಲ ಚೌಕವಾಗಿಯೇ ಬಿಟ್ಟೆ, ಅಪ್ಪನ ಹಾಗೆ. ನೆನಪಿನಿಂದ ಬಿಡಿಸುವವರು ಕೂಡುರಸ್ತೆಯ ಕೋನವನ್ನು 90 ಡಿಗ್ರಿಯ ಕಡೆಗೆ ಎಳೆಯುತ್ತಾರೆಂದು ರಿಚರ್ಡ್ ಬರ್ನ್ 1979ರಲ್ಲೇ ತೋರಿಸಿದ್ದಾರೆ. ತಿರುವಿಗೆ ಅದರಿಂದ ತೊಂದರೆಯಿಲ್ಲ, ಎಪ್ಪತ್ತು ಡಿಗ್ರಿಯೋ ನೂರು ಡಿಗ್ರಿಯೋ, ಗಾಡಿ ತಿರುಗಿದರೆ ಸಾಕು. ಕವಲಿಗೆ ಮಾತ್ರ ಆ ಸಲುಗೆ ಕೊಡಲಿಲ್ಲ. ಅದನ್ನು ಓರೆಯಾಗಿಯೇ ಬಿಡಿಸಿದೆ.

ಮೊದಲ ತುಂಡಿನ ನಡುವೆ ಗೆರೆಯನ್ನು ಮುರಿದು ಎರಡು ಅಡ್ಡಗೀಟು ಹಾಕಿ ‘4.2 ಕಿ.ಮೀ. ನೇರ’ ಎಂದು ಬರೆದೆ. ಪ್ರತಿ ತುಂಡಿನ ಪಕ್ಕದಲ್ಲೂ ದೂರ ಅಂಕೆಯಲ್ಲಿದೆ. ಮೇಲಿನ ಬಲ ಮೂಲೆ ಖಾಲಿ ಉಳಿದಿತ್ತು, ಅಲ್ಲಿ ಅಂಚೆ ಪೆಟ್ಟಿಗೆಯಿಂದ ಬಾಗಿಲವರೆಗಿನ 270 ಮೀಟರನ್ನು ಬೇರೆ ಚೌಕದಲ್ಲಿ ಬಿಡಿಸಿದೆ, ಕಾರ್ಡಿನ ಅಳತೆಯಲ್ಲಿ ಸೆಂಟಿಮೀಟರಿಗೆ 50 ಮೀಟರಿನಂತೆ. ಆಗ ಕೊನೆಯ ಎರಡು ತುಂಡು 36 ಮತ್ತು 18 ಮಿಲಿಮೀಟರ್, ಕುರುಡು ಓಣಿ ತೋರಿಸಲೂ ಬೇಕಾದಷ್ಟು ಜಾಗ.

ಹಂತ 7: ರಸ್ತೆಯ ಮೇಲೆ

ಆ ಕಡೆ ಗೊತ್ತಿಲ್ಲದ ಇಬ್ಬರು ಮುಂದೆ ಕೂತರು, ಒಬ್ಬರು ಓಡಿಸಲು, ಒಬ್ಬರು ನಕ್ಷೆ ಓದಲು. ನಾನು ಹಿಂದೆ. ಮಾತಾಡಬಾರದು, ಕೈ ತೋರಿಸಬಾರದು, ನಿಟ್ಟುಸಿರೂ ಬಿಡಬಾರದು. ನಕ್ಷೆ ಬಿಡಿಸಿದವರಿಗೆ ಈ ಮೌನವೇ ಎಲ್ಲಕ್ಕಿಂತ ಕಷ್ಟದ ಕೆಲಸ. ತಪ್ಪಿದ ತಿರುವನ್ನು ಮಾತ್ರವಲ್ಲ, ಗಾಡಿ ನಿಧಾನವಾದ ಜಾಗ, ‘ಇದೇನಾ?’ ಎಂಬ ಪ್ರಶ್ನೆ ಬಂದ ಜಾಗವನ್ನೂ ಬರೆದುಕೊಂಡೆ. ಸರಿಯಾಗಿ ತಿರುಗಿದರೂ ಅಳುಕಿ ತಿರುಗಿದ್ದರೆ ಅಲ್ಲಿ ನಕ್ಷೆ ದುರ್ಬಲವಾಗಿದೆ ಎಂದೇ ಅರ್ಥ.

ಬಂಕ್ ಸರಿಹೋಯಿತು. ಮೊದಲನೆಯದನ್ನು ಕಂಡು “ಇದು ಒಂದು” ಎಂದು ಎಣಿಸಿಕೊಂಡು ಮುಂದೆ ಹೋದರು. ಕವಲಿನಲ್ಲಿ ತಪ್ಪಿದರು. ಓರೆ ಗೆರೆ ಇತ್ತು, ಎಡಕ್ಕೆ ಬಾಣವೂ ಇತ್ತು. ಆದರೆ ನಾನು ದಪ್ಪ ಗೆರೆಯನ್ನು ನಮ್ಮ ದಾರಿಗೆ ಕೊಟ್ಟಿದ್ದೆ, ನೆಲದ ಮೇಲೆ ದಪ್ಪಗಿದ್ದದ್ದು ಬಲಗಡೆಯ ರಸ್ತೆ. ಓದುವವರು ನಕ್ಷೆಯ ದಪ್ಪವನ್ನು ರಸ್ತೆಯ ಅಗಲವೆಂದು ತಿಳಿದು, ದೊಡ್ಡ ರಸ್ತೆ ಹಿಡಿಯಿರಿ ಎಂದರು. ಸಣ್ಣ ಸೇತುವೆ ಕಂಡಾಗ, ಅದರ ಪಕ್ಕ ‘ಸೇತುವೆ ಸಿಕ್ಕರೆ ಹಿಂದಿರುಗಿ’ ಎಂದು ಬರೆದಿದ್ದು ಓದಿ ತಾವೇ ವಾಪಸಾದರು. ಆ ಒಂದು ಸಾಲು ಇಲ್ಲದಿದ್ದರೆ ನಾನು ಮಾತಾಡಲೇಬೇಕಾಗುತ್ತಿತ್ತು.

ತಿದ್ದಿದ್ದು ಹೀಗೆ: ಕವಲಿನಲ್ಲಿ ಬಲಗಡೆಯ ರಸ್ತೆಯನ್ನು ಎರಡು ಸಮಾನಾಂತರ ಗೆರೆಗಳಿಂದ ಅಗಲವಾಗಿ ತೋರಿಸಿ, ಅದರ ಮೇಲೆ ಗುಣಾಕಾರ ಚಿಹ್ನೆ ಹಾಕಿ, ನಮ್ಮ ಗೆರೆಯ ಪಕ್ಕ ‘ಕಿರಿದಾದ ಎಡರಸ್ತೆ’ ಎಂದು ಬರೆದೆ. ಬೇರೆಯವರನ್ನು ಕೂರಿಸಿಕೊಂಡು ಹೋದಾಗ ಅಲ್ಲಿ ಗಾಡಿ ನಿಧಾನವಾಯಿತು, ತಪ್ಪಲಿಲ್ಲ. ಒಮ್ಮೆ ದಾರಿ ನೋಡಿದವರನ್ನೇ ಮತ್ತೆ ಕೂರಿಸಿ ಪರೀಕ್ಷಿಸಿದರೆ ಅದು ನಕ್ಷೆಯ ಪರೀಕ್ಷೆಯಾಗುವುದಿಲ್ಲ, ನೆನಪಿನದಾಗುತ್ತದೆ.

ಇನ್ನೊಂದು ಅಳುಕು ಅಂಚೆ ಪೆಟ್ಟಿಗೆಯಿಂದ ಮುಂದೆ ಕಂಡಿತು. ಓದುವವರು ಕಾರ್ಡಿನ ಮುಖ್ಯ ಗೆರೆಯನ್ನೇ ಹಿಂಬಾಲಿಸುತ್ತಿದ್ದರು, ಮೂಲೆಯ ಚೌಕದ ಕಡೆ ಕಣ್ಣು ಹಾಯಲೇ ಇಲ್ಲ. ಮುಖ್ಯ ನಕ್ಷೆಯಲ್ಲಿ ಆ ಎರಡು ತುಂಡುಗಳ ಸುತ್ತ ಚುಕ್ಕಿಗಳ ವೃತ್ತ ಹಾಕಿ, ಅಲ್ಲಿಂದ ಚೌಕಕ್ಕೆ ಗೆರೆ ಎಳೆದ ಮೇಲೆ ನೋಡತೊಡಗಿದರು.

ಹಂತ 8: ಅಚ್ಚಿಗೆ ಮೊದಲು

ಅರ್ಧಕ್ಕೆ ಇಳಿಸಿ ತೆಗೆದ ಮೊದಲ ಪ್ರತಿಯಲ್ಲಿ 5 ಮಿಲಿಮೀಟರ್ ಎತ್ತರದ ಅಕ್ಷರಗಳು 2.5ಕ್ಕೆ ಬಂದು ನಿಂತವು. ಮೂಲಾಕ್ಷರಗಳು ಓದಿಸಿಕೊಂಡವು, ಒತ್ತಕ್ಷರಗಳು ಮಸಿಯ ಚುಕ್ಕಿಗಳಾದವು. ‘ಬಂಕ್’ ಉಳಿಯಿತು, ‘ಪೆಟ್ಟಿಗೆ’ ಉಳಿಯಲಿಲ್ಲ. ಮೂಲದಲ್ಲಿ 7 ಮಿಲಿಮೀಟರಿಗೆ ಏರಿಸಿ, ಒತ್ತಿಗೆ ಜಾಗ ಬಿಟ್ಟು ಮತ್ತೆ ಬರೆದೆ. ಅಷ್ಟು ದೊಡ್ಡದಾಗಿ ಬರೆಯಲು ಜಾಗ ಸಾಲದೆ ಶಾಲೆ ಮತ್ತು ಆಸ್ಪತ್ರೆಯನ್ನು ತೆಗೆದುಹಾಕಿದೆ. ಅವೆರಡೂ ಯಾವ ತಿರುವಿಗೂ ಸೇರಿದವಲ್ಲ. ಅಕ್ಕನಿಗೆ ಬೇಸರವಾಯಿತು. ಶಾಲೆಯನ್ನು ಮಾತ್ರ ಒಂದು ಚಿಕ್ಕ ಚೌಕವಾಗಿ ಹಿಂದಕ್ಕೆ ತಂದೆ. ಅದಕ್ಕೆ ಕಾರಣ ಅಕ್ಕನಲ್ಲ: ಅದು ಕವಲು ದಾಟಿ 200 ಮೀಟರಿನಲ್ಲಿದೆ, ಕವಲಿನಲ್ಲಿ ಸರಿಯಾದ ಕಡೆ ಬಂದಿದ್ದೇವೆ ಎಂಬ ಖಾತರಿ ಕೊಡುತ್ತದೆ.

ಕಾರ್ಡಿನ ಹಿಂಬದಿಯನ್ನು ರೈಲು ನಿಲ್ದಾಣದ ಕಡೆಯಿಂದ ಬರುವವರಿಗೆ ಮೀಸಲಿಟ್ಟೆ. ಅವರು ನಮ್ಮ ದಾರಿಯನ್ನು ಸೇರುವುದು ಅಡ್ಡ ರಸ್ತೆಯ ಜಾಗದಲ್ಲಿ. ನಮಗೆ ಬಲ ತಿರುವಾದದ್ದು ಅವರಿಗೆ ನೇರ, ಅವರ ಬಲಗಡೆಯಿಂದ ನಮ್ಮ ರಸ್ತೆ ಬಂದು ಕೂಡುತ್ತದೆ. ಆದ್ದರಿಂದ ಅವರ ನಕ್ಷೆಯಲ್ಲಿ ಆ ಕೂಡುರಸ್ತೆ ತೆಳು ಗೆರೆ ಮಾತ್ರ, ಕವಲೇ ಮೊದಲ ನಿರ್ಧಾರ. ಮೂರೇ ತುಂಡುಗಳಿರುವುದರಿಂದ ವರ್ಗಮೂಲವನ್ನು 0.9ರ ಬದಲು 1.4ರಿಂದ ಗುಣಿಸಬಹುದಾಯಿತು: 59, 19, 13 ಮಿಲಿಮೀಟರ್, ಮೂಲೆಯ ಚೌಕದ ಅಗತ್ಯವೂ ಬೀಳಲಿಲ್ಲ. ಎರಡು ಬದಿಗೂ ಮೇಲ್ಗಡೆ ‘ಮೇಲ್ಸೇತುವೆಯಿಂದ’, ‘ರೈಲು ನಿಲ್ದಾಣದಿಂದ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಮೇಲೆ ಕಾರ್ಡು ಅಚ್ಚಿಗೆ ಹೋಯಿತು. ರಾತ್ರಿ ಮಂಟಪದಿಂದ ಹಿಂದಿರುಗುವವರ ನಕ್ಷೆ ಇನ್ನೂ ಆಗಿಲ್ಲ. ಆ ದಿಕ್ಕಿನಲ್ಲಿ ಕವಲು ಕವಲಾಗಿ ಉಳಿಯುವುದಿಲ್ಲ, ಎರಡು ರಸ್ತೆಗಳು ಒಂದಾಗುತ್ತವೆ. ಆದರೆ ಕತ್ತಲಲ್ಲಿ ಅಡ್ಡ ರಸ್ತೆಯಿಂದ ಎಡಕ್ಕೆ ತಿರುಗಬೇಕಾದ ಜಾಗಕ್ಕೆ ಬೆಳಕಿರುವ ಗುರುತು ಸಿಗುತ್ತಿಲ್ಲ. ಅಲ್ಲಿ ಒಂದು ದೀಪದ ಕಂಬಕ್ಕೆ ಬಿಳಿ ಬಟ್ಟೆಯ ಫಲಕ ಕಟ್ಟಿಸುವ ಯೋಚನೆಯಿದೆ.